ಅಳಿಸಿದ್ದೋ, ಮರೆಮಾಡಿದ್ದೋ? ಲೇಯರ್ ಫೈಲ್ ಊದಿಕೊಂಡಾಗ ಕಾರಣ ಹುಡುಕುವ ಬಗೆ

ಚಿತ್ರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದಿದ್ದರೂ ಫೈಲ್ ಗಾತ್ರ ಮಾತ್ರ ಒಂದಿಷ್ಟೂ ಇಳಿದಿಲ್ಲ. ಲೇಯರ್ ಇರುವ ಫೈಲ್‌ಗಳಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಹೇಳುವ ದೂರು ಇದು. ಬಹುತೇಕ ಸಲ ಫೈಲ್ ಕೆಟ್ಟಿರುವುದಿಲ್ಲ. ಕಣ್ಣಿಗೆ ಕಾಣದಿರುವ ಪಿಕ್ಸೆಲ್ ಫೈಲ್‌ನಲ್ಲೂ ಇಲ್ಲ ಎಂದುಕೊಂಡದ್ದೇ ತಪ್ಪಾಗಿರುತ್ತದೆ. ಕೆಳಗಿನ ವಿವರ ಮುಖ್ಯವಾಗಿ ಫೋಟೋಶಾಪ್‌ನ ಪಿಎಸ್‌ಡಿ ಫೈಲ್‌ಗಳದ್ದು. ಗಿಂಪ್ ಬೇರೆ ರೀತಿ ನಡೆದುಕೊಳ್ಳುವ ಕಡೆ ಅದನ್ನೂ ಹೇಳಿದೆ.

ಮೊದಲು ಒಂದು ಲೆಕ್ಕ

6000×4000 ಪಿಕ್ಸೆಲ್‌ನ, 8 ಬಿಟ್‌ನ ಆರ್‌ಜಿಬಿ ಫೋಟೋ ಒಂದಿದೆ ಎನ್ನಿ. ಒಂದೊಂದು ಬಣ್ಣದ ಚಾನೆಲ್‌ಗೆ ಪಿಕ್ಸೆಲ್‌ಗೊಂದರಂತೆ 2.4 ಕೋಟಿ ಬೈಟ್ ಬೇಕು. ಮೂರು ಚಾನೆಲ್ ಸೇರಿದರೆ 7.2 ಕೋಟಿ ಬೈಟ್, ಅಂದರೆ ಸುಮಾರು 72 ಎಂಬಿ. ಫೋಟೋಶಾಪ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಇದನ್ನೇ 68.7M ಎಂದು ತೋರಿಸುತ್ತದೆ.

ಪಿಎಸ್‌ಡಿ ಪ್ರತಿ ಲೇಯರ್‌ಗೂ ಒಂದು ಆಯತವನ್ನು ಬರೆದುಕೊಳ್ಳುತ್ತದೆ. ಲೇಯರ್ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲಿಯವರೆಗೆ ಹರಡಿದೆ ಎಂಬುದು ಆ ಆಯತದಲ್ಲಿರುತ್ತದೆ. ಇದನ್ನು ಇಲ್ಲಿ ಚೌಕಟ್ಟು ಎಂದು ಕರೆಯೋಣ. ಚೌಕಟ್ಟಿನ ಒಳಗಿರುವ ಅಷ್ಟೂ ಪಿಕ್ಸೆಲ್‌ಗಳ ಬಣ್ಣ ಫೈಲ್‌ಗೆ ಹೋಗುತ್ತದೆ, ಜೊತೆಗೆ ಪಾರದರ್ಶಕತೆಯ ಚಾನೆಲ್ ಒಂದು. ಲೇಯರ್‌ನ ಭಾಗಗಳನ್ನು ಅಳಿಸದೆ ಮರೆಮಾಡುವ ಮಾಸ್ಕ್ ಹಾಕಿದ್ದರೆ ಅದು ಇನ್ನೊಂದು ಚಾನೆಲ್ ಆಗಿ ಸೇರಿಕೊಳ್ಳುತ್ತದೆ.

ಅಳಿಸುವುದಕ್ಕೂ ಮರೆಮಾಡುವುದಕ್ಕೂ ಇರುವ ವ್ಯತ್ಯಾಸ ಈ ಚೌಕಟ್ಟಿನಲ್ಲಿದೆ. ಮಾಸ್ಕ್‌ನಲ್ಲಿ ಕಪ್ಪು ಬಳಿದಾಗ ಲೇಯರ್‌ನ ಚೌಕಟ್ಟು ಕದಲುವುದಿಲ್ಲ. ಬಣ್ಣದ ಬೈಟ್‌ಗಳೆಲ್ಲ ಇದ್ದಲ್ಲೇ ಇರುತ್ತವೆ, ಮೇಲಿಂದ ಒಂದು ಚಾನೆಲ್ ಹೆಚ್ಚಾಗುತ್ತದೆ ಅಷ್ಟೆ. ಪಿಕ್ಸೆಲ್‌ಗಳನ್ನು ನಿಜವಾಗಿ ಅಳಿಸಿದರೆ ಫೋಟೋಶಾಪ್ ಚೌಕಟ್ಟನ್ನು ಉಳಿದ ಭಾಗದ ಅಂಚಿನವರೆಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಫೋಟೋದಲ್ಲಿ ನಿಂತಿರುವ ವ್ಯಕ್ತಿ 2000×3000ರ ಜಾಗದಲ್ಲಿ ಹಿಡಿಸಿದರೆ, ಸುತ್ತಲಿನದನ್ನು ಅಳಿಸಿದ ಮೇಲೆ ಉಳಿಯುವ ಬಣ್ಣದ ದತ್ತಾಂಶ ಹೆಚ್ಚೆಂದರೆ 18 ಎಂಬಿ. ಮಾಸ್ಕ್ ಹಾಕಿದ್ದರೆ ಅದೇ 72 ಎಂಬಿ, ಮೇಲೆ ಮಾಸ್ಕ್‌ನದ್ದೂ ಸ್ವಲ್ಪ.

ಕಂಪ್ರೆಶನ್ ಇದೆಯಲ್ಲ, ಅದು ಇಳಿಸುವುದಿಲ್ಲವೇ ಎಂಬ ಪ್ರಶ್ನೆ ಬರಬಹುದು. 8 ಬಿಟ್ ಪಿಎಸ್‌ಡಿಯಲ್ಲಿ ಬಳಕೆಯಾಗುವುದು ಪ್ಯಾಕ್‌ಬಿಟ್ಸ್ ಎಂಬ ಸರಳ ವಿಧಾನ. ಸಾಲಾಗಿ ಒಂದೇ ಬೆಲೆಯ ಬೈಟ್‌ಗಳು ಬಂದರೆ 128ರವರೆಗೆ ಒಟ್ಟುಗೂಡಿಸಿ ಎರಡೇ ಬೈಟ್‌ನಲ್ಲಿ ಬರೆಯುವುದು ಅದರ ಕೆಲಸ. ಫೋಟೋದಲ್ಲಿ ಪಕ್ಕಪಕ್ಕದ ಪಿಕ್ಸೆಲ್‌ಗಳ ಬೆಲೆ ಒಂದೇ ಆಗಿರುವುದು ಅಪರೂಪ, ಹಾಗಾಗಿ ಅಲ್ಲಿ ಉಳಿತಾಯ ಅತ್ಯಲ್ಪ. ಮಾಸ್ಕ್‌ನಲ್ಲಿ ಮಾತ್ರ ದೊಡ್ಡ ದೊಡ್ಡ ಕಪ್ಪು ಬಿಳಿ ಪ್ರದೇಶಗಳಿರುತ್ತವೆ. 6000 ಪಿಕ್ಸೆಲ್‌ನ ಒಂದು ಸಾಲು ಪೂರ್ತಿ ಒಂದೇ ಬೆಲೆಯದ್ದಾದರೆ 94 ಬೈಟ್ ಸಾಕು. 4000 ಸಾಲುಗಳಿಗೆ, ಪ್ರತಿ ಸಾಲಿನ ಉದ್ದ ಬರೆಯಲು ಬೇಕಾದ ಎರಡೆರಡು ಬೈಟ್ ಸೇರಿಸಿದರೂ 400 ಕೆಬಿ ದಾಟುವುದಿಲ್ಲ. ಆದ್ದರಿಂದ ಭಾರ ಮಾಸ್ಕ್‌ನದ್ದಲ್ಲ, ಮಾಸ್ಕ್‌ನ ಹಿಂದೆ ಅಡಗಿ ಕುಳಿತ ಫೋಟೋದ್ದು. ಅಡ್ಜಸ್ಟ್‌ಮೆಂಟ್ ಲೇಯರ್‌ಗಳ ಜೊತೆ ತಾನಾಗಿ ಬರುವ ಬಿಳಿ ಮಾಸ್ಕ್‌ಗಳನ್ನು ಒಂದೊಂದಾಗಿ ಡಿಲೀಟ್ ಮಾಡುತ್ತ ಕೂರುವವರಿದ್ದಾರೆ. ಆ ಶ್ರಮದಿಂದ ಏನೂ ಸಿಗುವುದಿಲ್ಲ.

ಕೈ ಹಾಕುವ ಮುನ್ನ

ಫೈಲ್‌ನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮುಂದಿನ ಪರೀಕ್ಷೆಗಳೆಲ್ಲ ಆ ಪ್ರತಿಯ ಮೇಲೆಯೇ ನಡೆಯಲಿ. ಇದು ಬರಿ ಔಪಚಾರಿಕ ಎಚ್ಚರಿಕೆಯಲ್ಲ. `History` ಪ್ಯಾನೆಲ್‌ನ ಹೆಜ್ಜೆಗಳು ಪಿಎಸ್‌ಡಿಯೊಳಗೆ ಸೇವ್ ಆಗುವುದಿಲ್ಲ. ಅಳಿಸಿ, ಸೇವ್ ಮಾಡಿ, ಫೈಲ್ ಮುಚ್ಚಿದಿರೋ, ಆ ಪಿಕ್ಸೆಲ್‌ಗಳನ್ನು ಮರಳಿ ತರುವ ದಾರಿ ಇಲ್ಲ.

ಆಮೇಲೆ ಅಳತೆ ನೋಡಿಕೊಳ್ಳಿ. ಚಿತ್ರದ ಕಿಟಕಿಯ ಕೆಳ ಎಡ ಮೂಲೆಯಲ್ಲಿರುವ ಬಾಣದ ಗುರುತನ್ನು ಒತ್ತಿ `Document Sizes` ಆರಿಸಿದರೆ ಓರೆಗೆರೆಯ ಎರಡೂ ಬದಿಗೆ ಒಂದೊಂದು ಸಂಖ್ಯೆ ಕಾಣುತ್ತದೆ. ಎಡಗಡೆಯದು ಎಲ್ಲ ಲೇಯರ್‌ಗಳನ್ನು ಒಂದಾಗಿಸಿದರೆ ಆಗುವ ಗಾತ್ರ. ಬಲಗಡೆಯದು ಲೇಯರ್‌ಗಳು ಬೇರೆಬೇರೆಯಾಗಿಯೇ ಇದ್ದರೆ ಆಗುವ ಅಂದಾಜು ಗಾತ್ರ. ಎರಡೂ ಕಂಪ್ರೆಶನ್‌ಗೆ ಮೊದಲಿನ ಲೆಕ್ಕಗಳಾದ್ದರಿಂದ ಡಿಸ್ಕ್‌ನಲ್ಲಿ ಕಾಣುವ ಗಾತ್ರಕ್ಕೆ ಇವು ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಎಡಕ್ಕಿಂತ ಬಲ ಎಷ್ಟು ಪಟ್ಟು ಇದೆ ಎಂದು ನೋಡುವುದಕ್ಕೆ ಇವು ಬೇಕು. ಪರದೆಯ ಮೇಲೆ ಹಿನ್ನೆಲೆಯೊಂದು, ಅದರ ಮುಂದೆ ಐದು ಚಿಕ್ಕ ಆಕೃತಿಗಳು ಮಾತ್ರ ಕಾಣುತ್ತಿದ್ದು, ಎಡಕ್ಕೆ 68.7M, ಬಲಕ್ಕೆ 400M ದಾಟಿದ್ದರೆ, ಐದೂ ಆಕೃತಿಗಳು ತಮ್ಮ ಇಡೀ ಫೋಟೋವನ್ನು ಹೊತ್ತುಕೊಂಡೇ ಬಂದಿವೆ ಎಂದು ತಿಳಿಯಬಹುದು.

ಲಕ್ಷಣ: ಹಿನ್ನೆಲೆ ಕತ್ತರಿಸಿದ್ದೇನೆ, ಗಾತ್ರ ಇಳಿದಿಲ್ಲ

ಲೇಯರ್ ಪ್ಯಾನೆಲ್‌ನಲ್ಲಿ ಆ ಲೇಯರ್‌ನ ಚಿಕ್ಕ ಚಿತ್ರದ ಪಕ್ಕ ಕಪ್ಪು ಬಿಳುಪಿನ ಇನ್ನೊಂದು ಚಿಕ್ಕ ಚಿತ್ರ ಇದೆಯೇ ನೋಡಿ. ಇದ್ದರೆ `Shift` ಹಿಡಿದು ಅದನ್ನು ಒಂದು ಸಲ ಒತ್ತಿ. ಅದರ ಮೇಲೆ ಕೆಂಪು ಗುಣಿಸು ಗುರುತು ಬಂದು ಮಾಸ್ಕ್ ತಾತ್ಕಾಲಿಕವಾಗಿ ನಿಲ್ಲುತ್ತದೆ. ತೆಗೆದೆವು ಎಂದುಕೊಂಡಿದ್ದ ಹಿನ್ನೆಲೆ ಪೂರ್ತಿಯಾಗಿ ಮತ್ತೆ ಕಂಡರೆ, ಅದನ್ನು ಮರೆಮಾಡಿದ್ದಿರಿ, ಅಳಿಸಿರಲಿಲ್ಲ. ಮತ್ತೊಮ್ಮೆ ಹಾಗೆಯೇ ಒತ್ತಿದರೆ ಮಾಸ್ಕ್ ಮೊದಲಿನಂತಾಗುತ್ತದೆ. ಈ ಪರೀಕ್ಷೆಯಿಂದ ಫೈಲ್‌ಗೆ ಏನೂ ಆಗುವುದಿಲ್ಲ.

ಹಿನ್ನೆಲೆ ಇನ್ನು ಎಂದಿಗೂ ಬೇಡ ಎಂಬುದು ಖಚಿತವಾಗಿದ್ದರೆ ಮಾತ್ರ `Layer > Layer Mask > Apply` ಕೊಡಿ. ಮಾಸ್ಕ್ ಮಾಯವಾಗಿ, ಅದು ಮುಚ್ಚಿದ್ದ ಪಿಕ್ಸೆಲ್‌ಗಳು ನಿಜಕ್ಕೂ ಅಳಿಯುತ್ತವೆ, ಚೌಕಟ್ಟು ಕುಗ್ಗುತ್ತದೆ. ಅದೇ ಮೆನುವಿನಲ್ಲಿರುವ `Delete` ಇದಕ್ಕೆ ತದ್ವಿರುದ್ಧ. ಅದು ಮಾಸ್ಕ್ ಅನ್ನು ಕಿತ್ತುಹಾಕಿ ಇಡೀ ಫೋಟೋವನ್ನು ಮುಂದಕ್ಕೆ ತಂದು ನಿಲ್ಲಿಸುತ್ತದೆ. ಅವಸರದಲ್ಲಿ ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದು ತೀರಾ ಸುಲಭ.

ಐದು ಆಕೃತಿಗಳ ಲೆಕ್ಕವನ್ನೇ ಮುಂದುವರಿಸೋಣ. ಮಾಸ್ಕ್‌ಗಳಿರುವಾಗ ಐದು ಲೇಯರ್‌ಗಳು ಸೇರಿ 360 ಎಂಬಿ, ಹಿನ್ನೆಲೆಯ ಲೇಯರ್ 72 ಎಂಬಿ, ಒಟ್ಟು 432. ಐದರ ಮಾಸ್ಕ್‌ಗಳನ್ನೂ ಅಪ್ಲೈ ಮಾಡಿ, ಪ್ರತಿ ಆಕೃತಿಯೂ 2000×3000ರೊಳಗೆ ನಿಂತರೆ, ಐದರದ್ದು ಸೇರಿ 90 ಎಂಬಿ, ಹಿನ್ನೆಲೆಯೊಂದಿಗೆ 162. ಪಾರದರ್ಶಕತೆಯ ಚಾನೆಲ್‌ಗಳಿಗೆ ಚೂರು ಹೆಚ್ಚಾದೀತು. ಆಕೃತಿಯ ಸುತ್ತ ಚೌಕಟ್ಟಿನೊಳಗೇ ಉಳಿಯುವ ಖಾಲಿ ಜಾಗ ಪ್ಯಾಕ್‌ಬಿಟ್ಸ್‌ನಿಂದ ಚೆನ್ನಾಗಿ ಕುಗ್ಗುವುದರಿಂದ ನಿಜವಾದ ಸಂಖ್ಯೆ ಇನ್ನೂ ಕೆಳಗೆ ಬರುತ್ತದೆ.

ಹಾಗಿದ್ದರೆ ಯಾವಾಗಲೂ ಅಪ್ಲೈ ಮಾಡಿಬಿಡಬಹುದೇ? ಬೇಡ. ಕೂದಲಿನ ಅಂಚನ್ನು ಮತ್ತೆ ತಿದ್ದಬೇಕಾಗಬಹುದು, ಕತ್ತರಿಸಿದ ಕೈಬೆರಳನ್ನು ವಾಪಸ್ ತರಬೇಕಾಗಬಹುದು. ಕೆಲಸ ನಡೆಯುತ್ತಿರುವವರೆಗೆ ಮಾಸ್ಕ್ ಇರಲಿ. ಕೆಲವು ನೂರು ಎಂಬಿ ಡಿಸ್ಕ್ ಜಾಗ ಉಳಿಸಲು ಹೋಗಿ ಗಂಟೆಗಟ್ಟಲೆ ಕೂತು ಕತ್ತರಿಸಿದ್ದನ್ನು ಕಳೆದುಕೊಳ್ಳುವುದು ನಷ್ಟದ ವ್ಯವಹಾರ. ಕೆಲಸ ಮುಗಿದ ಮೇಲೆ ಕಳುಹಿಸಲೆಂದು ಮಾಡುವ ಪ್ರತಿಯಲ್ಲಿ ಮಾತ್ರ ಅಪ್ಲೈ ಮಾಡಿ, ಮೂಲವನ್ನು ಮಾಸ್ಕ್ ಸಮೇತ ಇಟ್ಟುಕೊಳ್ಳಿ.

ಲಕ್ಷಣ: ಕ್ರಾಪ್ ಮಾಡಿದರೂ ಗಾತ್ರ ಹಾಗೇ ಇದೆ

ಕ್ರಾಪ್ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ `Delete Cropped Pixels` ಎಂಬ ಚೌಕ ಕಾಣುತ್ತದೆ. ಅದರಲ್ಲಿ ಗುರುತು ಇಲ್ಲದಿದ್ದರೆ ಕ್ರಾಪ್ ಎಂಬುದು ಕ್ಯಾನ್ವಾಸ್‌ನ ಅಳತೆಯನ್ನಷ್ಟೇ ಚಿಕ್ಕದು ಮಾಡುತ್ತದೆ. ಹೊರಗೆ ಉಳಿದದ್ದು ಕಣ್ಣಿಗೆ ಕಾಣುವುದಿಲ್ಲ, ಆದರೆ ಲೇಯರ್‌ನ ಚೌಕಟ್ಟು ಕ್ಯಾನ್ವಾಸ್‌ನ ಗಡಿ ದಾಟಿ ಹರಡಿಕೊಂಡೇ ಇರುತ್ತದೆ. ದೊಡ್ಡ ಫೋಟೋವೊಂದನ್ನು ಚಿಕ್ಕ ಕ್ಯಾನ್ವಾಸ್‌ಗೆ ಎಳೆದು ತಂದು ಸರಿಸಿ ಕೂರಿಸಿದಾಗಲೂ ಆಗುವುದು ಇದೇ.

ಪರೀಕ್ಷೆ ಸುಲಭ. `Image > Reveal All` ಕೊಡಿ. ಹೊರಗೆ ಏನಾದರೂ ಅಡಗಿದ್ದರೆ ಕ್ಯಾನ್ವಾಸ್ ತಟ್ಟನೆ ಹಿಗ್ಗಿ ಅದೆಲ್ಲ ಕಾಣಿಸಿಕೊಳ್ಳುತ್ತದೆ. ಏನೂ ಬದಲಾಗದಿದ್ದರೆ ಕಾರಣ ಇಲ್ಲಿಲ್ಲ. ನೋಡಿಯಾದ ಮೇಲೆ ಅಂಡೂ ಮಾಡಿ.

ಹೊರಗಿನದು ಬೇಡವಾದರೆ `Select > All`, ಅದರ ಬೆನ್ನಿಗೆ `Image > Crop`. ಕ್ಯಾನ್ವಾಸ್‌ನ ಅಳತೆ ಇದ್ದಂತೆಯೇ ಇದ್ದು, ಹೊರಕ್ಕೆ ಚಾಚಿಕೊಂಡಿದ್ದ ಲೇಯರ್‌ಗಳ ಭಾಗ ಮಾತ್ರ ಕತ್ತರಿಸಿಹೋಗುತ್ತದೆ. ಮತ್ತೆ `Reveal All` ಕೊಟ್ಟು ನೋಡಿ. ಕ್ಯಾನ್ವಾಸ್ ಹಿಗ್ಗದಿದ್ದರೆ ಕೆಲಸ ಆಯಿತು. ಸ್ಮಾರ್ಟ್ ಆಬ್ಜೆಕ್ಟ್‌ಗಳ ಮೇಲೆ ಇದು ನಡೆಯುವುದಿಲ್ಲ, ಅದರ ಕಾರಣ ಮುಂದೆ ಬರುತ್ತದೆ. ಅಂಚಿನವರೆಗೆ ಮಸುಕು ಮಾಡಿದ ಲೇಯರ್‌ಗಳಿದ್ದರೆ ಒಂದು ಎಚ್ಚರಿಕೆ ಬೇಕು. ಹೊರಗಿನ ಪಿಕ್ಸೆಲ್ ಕತ್ತರಿಸಿದ ಮೇಲೆ ಅಂಥ ಲೇಯರ್ ಅನ್ನು ಸ್ವಲ್ಪ ಸರಿಸಿದರೂ ಗಡಿಯಲ್ಲಿ ನೇರವಾದ ಗೆರೆಯೊಂದು ಕಾಣುತ್ತದೆ. ಜಾಗಗಳೆಲ್ಲ ಅಂತಿಮವಾದ ಮೇಲೆ ಮಾತ್ರ ಇದನ್ನು ಮಾಡಿ.

ಗಿಂಪ್‌ನ ಕ್ರಾಪ್ ಟೂಲ್‌ನಲ್ಲೂ 2.10.20ರಿಂದ `Delete cropped pixels` ಎಂಬ ಆಯ್ಕೆಯಿದೆ. ಹೊರಗೆ ಅಡಗಿದ್ದನ್ನು ನೋಡಲು ಅಲ್ಲಿ `Image > Fit Canvas to Layers` ಬಳಸಿ.

ಲಕ್ಷಣ: ಅಪ್ಲೈ ಕೊಡಲು ಹೋದರೆ ಆಯ್ಕೆಯೇ ಸಿಗುತ್ತಿಲ್ಲ

ಹೆಚ್ಚಾಗಿ ಆ ಲೇಯರ್ ಸ್ಮಾರ್ಟ್ ಆಬ್ಜೆಕ್ಟ್ ಆಗಿರುತ್ತದೆ. ಅದರ ಚಿಕ್ಕ ಚಿತ್ರದ ಮೂಲೆಯಲ್ಲಿ ಪುಟ್ಟ ಹಾಳೆಯ ಗುರುತು ಇರುತ್ತದೆ. ಎಂಬೆಡ್ ಮಾಡಿದ ಸ್ಮಾರ್ಟ್ ಆಬ್ಜೆಕ್ಟ್ ಎಂದರೆ ಮೂಲ ಫೈಲ್ ಅನ್ನೇ ಇಡಿಯಾಗಿ ಒಳಗೆ ಇಟ್ಟುಕೊಂಡ ಲೇಯರ್. ಪರದೆಯ ಮೇಲೆ ಅದನ್ನು ಹೆಬ್ಬೆರಳಿನಷ್ಟಕ್ಕೆ ಇಳಿಸಿ, ಅದರಲ್ಲೂ ಮುಕ್ಕಾಲನ್ನು ಮಾಸ್ಕ್‌ನಿಂದ ಮುಚ್ಚಿದರೂ ಒಳಗಿರುವ ಮೂಲ ಒಂದು ಬೈಟ್‌ನಷ್ಟೂ ಕಡಿಮೆಯಾಗುವುದಿಲ್ಲ. ಒಳಗಿನದು ಬೇರೆಯೇ ಫೈಲ್ ಆದ್ದರಿಂದ ಹೊರಗಿನ ಮಾಸ್ಕ್ ಅದರ ಪಿಕ್ಸೆಲ್‌ಗಳನ್ನು ಅಳಿಸಲಾರದು. ಅದಕ್ಕೇ ಅಪ್ಲೈ ಸಿಗುವುದಿಲ್ಲ.

ಇಲ್ಲಿ ದಾರಿಗಳು ಎರಡು. ಮೂಲವನ್ನು ಉಳಿಸಿಕೊಳ್ಳಬೇಕಿದ್ದರೆ `Layer > Smart Objects > Convert to Linked` ಕೊಟ್ಟು ಅದನ್ನು ಹೊರಗಿನ ಫೈಲ್ ಆಗಿ ಸೇವ್ ಮಾಡಿ. ಪಿಎಸ್‌ಡಿ ಹಗುರಾಗುತ್ತದೆ, ಆದರೆ ಇನ್ನು ಮುಂದೆ ಯಾರಿಗೆ ಕಳುಹಿಸಿದರೂ ಆ ಹೊರಗಿನ ಫೈಲ್ ಅನ್ನೂ ಜೊತೆಗೆ ಕೊಡಬೇಕು. ಮೂಲ ಬೇಡವಾದರೆ ಲೇಯರ್ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ `Rasterize Layer` ಕೊಟ್ಟು, ಆಮೇಲೆ ಮಾಸ್ಕ್ ಅಪ್ಲೈ ಮಾಡಿ. ರಾಸ್ಟರೈಸ್ ಆದೊಡನೆ ಚಿತ್ರ ಆಗ ಪರದೆಯ ಮೇಲಿರುವ ಅಳತೆಯಲ್ಲೇ ಉಳಿಯುತ್ತದೆ. ನಾಳೆ ಅದನ್ನು ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಸ್ಮಾರ್ಟ್ ಫಿಲ್ಟರ್‌ಗಳೂ ಚಿತ್ರದಲ್ಲೇ ಬೆರೆತುಹೋಗುತ್ತವೆ.

ಲಕ್ಷಣ: ಸ್ವಲ್ಪವೇ ಅಳಿಸಿದೆ, ಫೈಲ್ ಎರಡು ಪಟ್ಟಾಯಿತು

ಮೊದಲ ಸಲ ನೋಡಿದವರು ಗಾಬರಿಯಾಗುವುದು ಇದಕ್ಕೆ. ಕಾರಣ ಮಾತ್ರ ನೇರವಾಗಿದೆ. `Background` ಎಂಬ ಒಂದೇ ಲೇಯರ್ ಇರುವ ಫೈಲ್‌ನಲ್ಲಿ ಚಿತ್ರ ಒಂದೇ ಸಲ ಸೇವ್ ಆಗುತ್ತದೆ, 72 ಎಂಬಿ. ಆ ಲೇಯರ್‌ನ ಮೇಲೆ ಎರೇಸರ್ ಆಡಿಸಿದರೆ ಪಾರದರ್ಶಕವಾಗುವುದಿಲ್ಲ, ಹಿನ್ನೆಲೆಯ ಬಣ್ಣ ಮೂಡುತ್ತದೆ, ಹೆಚ್ಚಾಗಿ ಬಿಳಿ. ಅಳಿಸಿದ್ದು ಬಿಳಿಯಾಗಿ ಕಂಡರೆ ನೀವಿರುವುದು ಈ ಲೇಯರ್‌ನಲ್ಲಿ. ಅದನ್ನು ಸರಿಪಡಿಸಲು ಬೀಗದ ಗುರುತನ್ನು ಒತ್ತಿ ಸಾಮಾನ್ಯ ಲೇಯರ್ ಮಾಡಿದ ಗಳಿಗೆಯಿಂದ ಫೈಲ್ ಲೇಯರ್ ಫೈಲ್ ಆಗುತ್ತದೆ. ಆಗ ಲೇಯರ್ ಒಂದು ಸಲ, ಎಲ್ಲ ಲೇಯರ್ ಕೂಡಿಸಿದ ಸಿದ್ಧ ಚಿತ್ರ ಇನ್ನೊಂದು ಸಲ, ಹೀಗೆ ಎರಡು ಪ್ರತಿ ಬರೆಯಲ್ಪಡುತ್ತವೆ. ಮೂಲೆಯಲ್ಲಿ ಒಂದಿಷ್ಟು ಅಳಿಸಿದ ಫೋಟೋ 72ರಿಂದ 140 ಎಂಬಿಯ ಆಸುಪಾಸಿಗೆ ಏರುವುದು ಹೀಗೆ.

ಆ ಸಿದ್ಧ ಚಿತ್ರ `Preferences > File Handling` ಒಳಗಿನ `Maximize PSD and PSB File Compatibility` ಎಂಬ ಆಯ್ಕೆಯಿಂದ ಬರುವಂಥದ್ದು. ಅದನ್ನು `Never` ಮಾಡಿದರೆ ಗಾತ್ರ ಇಳಿಯುವುದು ನಿಜ. ಆದರೆ ಲೇಯರ್‌ಗಳನ್ನು ಓದಲು ಬಾರದ ಬೇರೆ ತಂತ್ರಾಂಶಗಳು ತೋರಿಸುವುದು ಆ ಸಿದ್ಧ ಚಿತ್ರವನ್ನೇ. ಲೈಟ್‌ರೂಮ್ ಕ್ಲಾಸಿಕ್ ಕೂಡ ಅದು ಇರಲೇಬೇಕು ಎನ್ನುತ್ತದೆ. ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿದ್ದರೆ ಅದನ್ನು ಮುಟ್ಟದಿರುವುದೇ ಸರಿ.

ಅದೇ ಕಡೆ `Disable Compression of PSD and PSB Files` ಎಂಬುದರಲ್ಲಿ ಗುರುತು ಇದೆಯೇ ಎಂದೂ ನೋಡಿ. ಬೇಗ ಸೇವ್ ಆಗಲೆಂದು ಯಾರೋ ಒತ್ತಿ ಮರೆತಿರುವ ಸಾಧ್ಯತೆ ಇದೆ. ಅದು ಚಾಲ್ತಿಯಲ್ಲಿದ್ದರೆ ಖಾಲಿ ಜಾಗವೂ ಫೋಟೋದಷ್ಟೇ ಬೈಟ್ ತಿನ್ನುತ್ತದೆ, ಅಳಿಸಿದ್ದರಿಂದ ಸಿಗಬೇಕಾದ ಲಾಭದ ಒಂದು ಭಾಗ ಸೋರಿಹೋಗುತ್ತದೆ. ಮುಂದಿನ ಲಕ್ಷಣದಲ್ಲಿ ಇದರ ಪರಿಣಾಮ ಇನ್ನೂ ಸ್ಪಷ್ಟವಾಗುತ್ತದೆ.

ಲಕ್ಷಣ: ನಿಜವಾಗಿಯೇ ಅಳಿಸಿದ್ದೇನೆ, ಆದರೂ ಲೇಯರ್ ದೊಡ್ಡದಾಗಿಯೇ ಇದೆ

ಮೃದು ಅಂಚಿನ ಎರೇಸರ್‌ನಿಂದ ಅಳಿಸಿದಾಗ ಅಲ್ಲಲ್ಲಿ ಒಂದೆರಡು ಪಿಕ್ಸೆಲ್‌ಗಳು ಶೇಕಡ ಒಂದೆರಡರಷ್ಟು ಉಳಿದುಬಿಡುತ್ತವೆ. ಕಣ್ಣಿಗೆ ಕಾಣದಿದ್ದರೂ ಚೌಕಟ್ಟಿನ ಲೆಕ್ಕಕ್ಕೆ ಅವೂ ಪಿಕ್ಸೆಲ್‌ಗಳೇ. ಎಡ ಮೇಲಿನ ಮೂಲೆಯಲ್ಲಿ ಒಂದು, ಬಲ ಕೆಳಗಿನ ಮೂಲೆಯಲ್ಲಿ ಒಂದು ಚುಕ್ಕೆ ಉಳಿದರೂ ಚೌಕಟ್ಟು 6000×4000ರಷ್ಟೇ ಇರುತ್ತದೆ. ಕಂಪ್ರೆಶನ್ ಇರುವಾಗ ಇದರ ದಂಡ ಚಿಕ್ಕದು. ಖಾಲಿ ಚಾನೆಲ್ ಒಂದಕ್ಕೆ 400 ಕೆಬಿಯ ಒಳಗೆ ಎಂದು ಮೇಲೆ ಕಂಡೆವಲ್ಲ, ನಾಲ್ಕು ಚಾನೆಲ್‌ಗೆ ಒಂದೂವರೆ ಎಂಬಿ ಆದೀತು. ಕಂಪ್ರೆಶನ್ ನಿಲ್ಲಿಸಿದ್ದರೆ ಅದೇ ಎರಡು ಚುಕ್ಕೆಗಳು 96 ಎಂಬಿ ಬರೆಸುತ್ತವೆ. ಅಲೈನ್ ಮಾಡುವಾಗ ಲೇಯರ್ ವಿಚಿತ್ರ ಜಾಗಕ್ಕೆ ಹೋಗಿ ನಿಲ್ಲುವುದಕ್ಕೂ ಇಂಥ ಚುಕ್ಕೆಗಳು ಕಾರಣವಾಗುತ್ತವೆ.

ಅವನ್ನು ಹಿಡಿಯಲು ಆ ಲೇಯರ್‌ಗೆ ತಾತ್ಕಾಲಿಕವಾಗಿ `Stroke` ಎಫೆಕ್ಟ್ ಹಾಕಿ. ಎದ್ದು ಕಾಣುವ ಬಣ್ಣ, ಐದಾರು ಪಿಕ್ಸೆಲ್ ದಪ್ಪ. ಖಾಲಿ ಎಂದುಕೊಂಡಿದ್ದ ಜಾಗದಲ್ಲಿ ಅಲ್ಲಲ್ಲಿ ಬಣ್ಣದ ಉಂಗುರಗಳು ಕಂಡರೆ ಅವೇ ಉಳಿಕೆಗಳು. ಆಕೃತಿಯನ್ನು ಸಡಿಲವಾಗಿ ಸೆಲೆಕ್ಟ್ ಮಾಡಿ, `Select > Inverse` ಕೊಟ್ಟು, `Delete` ಒತ್ತಿದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಆಮೇಲೆ ಸ್ಟ್ರೋಕ್ ತೆಗೆದುಬಿಡಿ.

ಹತ್ತಾರು ಲೇಯರ್‌ಗಳಿದ್ದು ತಪ್ಪಿತಸ್ಥ ಯಾವುದೆಂದು ತಿಳಿಯದಿದ್ದರೆ, ಕಮಾಂಡ್ ಬರೆದು ನಡೆಸುವ ಇಮೇಜ್‌ಮ್ಯಾಜಿಕ್ ತಂತ್ರಾಂಶ ಹಾಕಿಕೊಂಡವರು ಫೈಲ್ ಅನ್ನು ಬಿಚ್ಚದೆಯೇ ಚೌಕಟ್ಟುಗಳ ಪಟ್ಟಿ ತೆಗೆಯಬಹುದು:

```
magick identify -format "%s %wx%h %X%Y %l\n" poster.psd
```

ಸೊನ್ನೆಯ ಸಾಲು ಕೂಡಿಸಿದ ಸಿದ್ಧ ಚಿತ್ರದ್ದು. ಅದರ ಮುಂದಿನ ಸಾಲುಗಳಲ್ಲಿ ಪ್ರತಿ ಲೇಯರ್‌ನ ಅಗಲ, ಎತ್ತರ, ಅದು ಕ್ಯಾನ್ವಾಸ್‌ನಲ್ಲಿ ಆರಂಭವಾಗುವ ಜಾಗ, ಕೊನೆಗೆ ಲೇಯರ್‌ನ ಹೆಸರು ಇರುತ್ತದೆ. ಚಿಕ್ಕ ಲಾಂಛನದ ಲೇಯರ್ ಎದುರು 6000x4000 ಎಂದಿದ್ದರೆ ಮಾಸ್ಕ್ ಅಥವಾ ಚುಕ್ಕೆ ಕಾರಣ. ಆರಂಭದ ಜಾಗ ಮೈನಸ್‌ನಲ್ಲಿದ್ದರೆ ಲೇಯರ್ ಕ್ಯಾನ್ವಾಸ್‌ನ ಹೊರಗೆ ಚಾಚಿದೆ. ಕಣ್ಣಿನ ಗುರುತು ತೆಗೆದು ಮರೆಮಾಡಿಟ್ಟ ಲೇಯರ್‌ಗಳೂ ಈ ಪಟ್ಟಿಯಲ್ಲಿ ಬರುತ್ತವೆ. ಅವೂ ಪೂರ್ತಿಯಾಗಿ ಸೇವ್ ಆಗಿರುವಂಥವೇ. ಹಳೆಯ ಪ್ರಯತ್ನಗಳ ಅಂಥ ಲೇಯರ್‌ಗಳು ಬೇಡವಾದರೆ `Layer > Delete > Hidden Layers` ಒಂದೇ ಸಲಕ್ಕೆ ತೆಗೆಯುತ್ತದೆ.

ಗಿಂಪ್‌ನಲ್ಲಿ ಈ ಲಕ್ಷಣಕ್ಕೆ ಕಾರಣವೇ ಬೇರೆ. ಅಲ್ಲಿ ಎರೇಸರ್ ಪಾರದರ್ಶಕತೆಯನ್ನು ಸೊನ್ನೆಗಿಳಿಸುತ್ತದೆಯೇ ಹೊರತು ಬಣ್ಣದ ಬೆಲೆಯನ್ನು ಮುಟ್ಟುವುದಿಲ್ಲ. ಎರೇಸರ್ ಆಯ್ಕೆಗಳಲ್ಲಿರುವ `Anti erase` ಅಳಿಸಿದ್ದನ್ನು ಮರಳಿ ತರುವುದು ಇದರಿಂದಲೇ. ಲೇಯರ್‌ನ ಗಡಿಯೂ ತಾನಾಗಿ ಕುಗ್ಗುವುದಿಲ್ಲ. ಹಾಗಾಗಿ ಗಿಂಪ್‌ನಲ್ಲಿ ಅಳಿಸುವುದು ಗಾತ್ರದ ದೃಷ್ಟಿಯಿಂದ ಮರೆಮಾಡುವುದಕ್ಕೇ ಹತ್ತಿರ. ಅಳಿಸಿದ ಮೇಲೆ `Layer > Crop to Content` ಕೊಟ್ಟರೆ ಗಡಿ ಒಳಕ್ಕೆ ಬಂದು ಹೊರಗಿನ ಬಣ್ಣವೂ ಹೋಗುತ್ತದೆ. ಗಡಿಯ ಒಳಗೆ ಅಳಿಸಿದ ಭಾಗದ ಬಣ್ಣ ಆಗಲೂ ಉಳಿದಿರುತ್ತದೆ.

ಲಕ್ಷಣ: ಮುಚ್ಚಿದ್ದು ಇನ್ನೊಬ್ಬರಿಗೆ ಕಂಡುಬಿಟ್ಟಿತು

ಇಲ್ಲಿ ಪ್ರಶ್ನೆ ಗಾತ್ರದ್ದಲ್ಲ, ಆದರೆ ಮೂಲ ಅದೇ. ಗುರುತಿನ ಚೀಟಿಯ ಸಂಖ್ಯೆ, ಸಹಿ, ಮಗುವಿನ ಮುಖ, ಇಂಥವನ್ನು ಮಾಸ್ಕ್‌ನಿಂದ ಮುಚ್ಚಿ ಅಥವಾ ಮೇಲೊಂದು ಕಪ್ಪು ಆಯತ ಇಟ್ಟು ಲೇಯರ್ ಫೈಲ್ ಅನ್ನೇ ಕಳುಹಿಸಿದರೆ, ಪಡೆದವರು ಒಂದೇ ಕ್ಲಿಕ್‌ನಲ್ಲಿ ಅದನ್ನು ಸರಿಸಿ ನೋಡಬಹುದು. ಲೇಯರ್ ಉಳಿಸಿ ಸೇವ್ ಮಾಡಿದ ಟಿಫ್‌ಗೂ ಇದೇ ಮಾತು. `Preserve Photoshop Editing Capabilities` ಗುರುತು ಇಟ್ಟು ಮಾಡಿದ ಪಿಡಿಎಫ್ ಕೂಡ ನೋಡಲು ಒಂದೇ ಚಿತ್ರದಂತಿದ್ದರೂ ಒಳಗೆ ಎಲ್ಲ ಲೇಯರ್‌ಗಳನ್ನೂ ಹೊತ್ತಿರುತ್ತದೆ. ಅದು ಅನಿರೀಕ್ಷಿತವಾಗಿ ದೊಡ್ಡದಾಗಿದ್ದರೆ ಅದೇ ಸುಳಿವು.

ಮೃದು ಎರೇಸರ್‌ನಿಂದ ಅಳಿಸಿದ್ದೂ ಸಾಲದು. ಶೇಕಡ ಐದರಷ್ಟು ಉಳಿದ ಅಂಕಿಗಳನ್ನು, ಲೇಯರ್ ಅನ್ನು ಒಂದರ ಮೇಲೊಂದು ಹಲವು ಸಲ ನಕಲು ಮಾಡಿ ಓದುವಷ್ಟು ಗಾಢ ಮಾಡಬಹುದು. ಗುಟ್ಟಾಗಿ ಇರಬೇಕಾದ ಭಾಗವನ್ನು ಸೆಲೆಕ್ಟ್ ಮಾಡಿ, ಅಂಚು ಮೃದು ಮಾಡದೆ ಪೂರ್ತಿ ಗಟ್ಟಿ ಬಣ್ಣ ತುಂಬಿ, `Layer > Flatten Image` ಕೊಟ್ಟು, ಹೊಸ ಪಿಎನ್‌ಜಿ ಅಥವಾ ಜೆಪೆಗ್ ಮಾಡಿ, ಅದನ್ನು ಮಾತ್ರ ಕಳುಹಿಸಿ. ಪಾರದರ್ಶಕತೆ ಉಳಿಸಬೇಕೆಂದು ಗಿಂಪ್‌ನಿಂದ ನೇರವಾಗಿ ಪಿಎನ್‌ಜಿ ತೆಗೆಯುವಾಗ `Save color values from transparent pixels` ಗುರುತನ್ನು ತೆಗೆದುಹಾಕಿ. ಇಲ್ಲವಾದರೆ ಅಳಿಸಿದ ಬಣ್ಣ ಆ ಪಿಎನ್‌ಜಿಯೊಳಗೂ ಹೋಗಿ ಕೂರುತ್ತದೆ.

ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು

ಪಿಎಸ್‌ಡಿಗೆ 2 ಜಿಬಿ ಮತ್ತು ಪ್ರತಿ ಬದಿಗೆ 30,000 ಪಿಕ್ಸೆಲ್‌ನ ಮಿತಿ ಇದೆ. ಮಿತಿ ಮೀರಿತೆಂಬ ಸಂದೇಶ ಬಂದ ಕ್ಷಣದಲ್ಲಿ ಗಾಬರಿಯಿಂದ ಲೇಯರ್‌ಗಳನ್ನು ಅಳಿಸಲು ಹೋಗಬೇಡಿ. ಮೊದಲು ಪಿಎಸ್‌ಬಿಯಾಗಿ, ಅಂದರೆ `Large Document Format` ಆಗಿ ಸೇವ್ ಮಾಡಿ ಕೆಲಸವನ್ನು ಭದ್ರ ಮಾಡಿಕೊಳ್ಳಿ. ಅದರ ಮಿತಿ ಪ್ರತಿ ಬದಿಗೆ 3,00,000 ಪಿಕ್ಸೆಲ್. ಹಗುರ ಮಾಡುವ ಕೆಲಸ ಆಮೇಲೆ ನಿಧಾನವಾಗಿ ನಡೆಯಲಿ.

ಫೈಲ್ ಇನ್ನೊಬ್ಬರದ್ದಾಗಿದ್ದರೆ, ಇನ್ನೂ ತಿದ್ದುಪಡಿ ಬರುವುದಿದ್ದರೆ, ಮಾಸ್ಕ್ ಅಪ್ಲೈ ಮಾಡುವ ಮುನ್ನ ಅದನ್ನು ಮಾಡಿದವರನ್ನು ಕೇಳಿ. ಅವರು ಮಾಸ್ಕ್ ಉಳಿಸಿದ್ದಕ್ಕೆ ಕಾರಣವಿರಬಹುದು.

ತೆರೆಯುವಾಗಲೇ ದೋಷದ ಸಂದೇಶ ಬಂದರೆ, ಅಥವಾ ಕೆಲವು ಲೇಯರ್‌ಗಳು ಅಡ್ಡಗೆರೆಗಳಾಗಿ ಒಡೆದು ಕಂಡರೆ, ಅದು ಅಳಿಸುವ ಮರೆಮಾಡುವ ವಿಷಯವಲ್ಲ, ಫೈಲ್ ಅಥವಾ ಡಿಸ್ಕ್ ಕೆಟ್ಟಿರಬಹುದು. ಅದರ ಮೇಲೆ ಮತ್ತೆ ಸೇವ್ ಮಾಡಬೇಡಿ. ಇದ್ದಂತೆಯೇ ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಂಡು, ಹಿಂದಿನ ಬ್ಯಾಕಪ್ ಪ್ರತಿಯನ್ನು ಹುಡುಕಿ. ಬ್ಯಾಕಪ್ ಇಲ್ಲದಿದ್ದರೆ ದತ್ತಾಂಶ ಮರಳಿ ಪಡೆಯುವ ಕೆಲಸ ಬಲ್ಲವರಿಗೆ ಆ ಡಿಸ್ಕ್ ಅನ್ನು ಒಪ್ಪಿಸುವವರೆಗೆ ಅದಕ್ಕೆ ಹೊಸದಾಗಿ ಏನನ್ನೂ ಬರೆಯಬೇಡಿ.